ಎರಡು ನೋಡ್‌ಗಳ ನಡುವೆ ವೋಲ್ಟೇಜ್ ಸೋರ್ಸ್ ಕೂತಾಗ: ಸೂಪರ್‌ನೋಡ್ ಲೆಕ್ಕ

(ಉಪನ್ಯಾಸದ ಬರಹ ರೂಪ. ಬೋರ್ಡ್ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಪೆನ್ನು, ಹಾಳೆ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ. ಇವತ್ತು ಜಾಸ್ತಿ ಸುತ್ತಾಡುವುದು ಬೇಡ. ಒಂದು ಚಿಕ್ಕ ಸರ್ಕ್ಯೂಟನ್ನು ಹಿಡಿದುಕೊಂಡು ಅದನ್ನೇ ತಿರುಗಿಸಿ ಮುರುಗಿಸಿ ನೋಡೋಣ.

ನೋಡ್ ವೋಲ್ಟೇಜ್ ವಿಧಾನ ನಿಮಗೆಲ್ಲ ಗೊತ್ತಿರುವುದೇ. ಒಂದು ನೋಡನ್ನು ರೆಫರೆನ್ಸ್ ಅಂತ ಆರಿಸಿ ಅದಕ್ಕೆ ಸೊನ್ನೆ ವೋಲ್ಟ್ ಕೊಡುತ್ತೇವೆ. ಇದನ್ನೇ ಗ್ರೌಂಡ್ ಅಂತಲೂ ಕರೆಯುತ್ತೇವೆ. ಉಳಿದ ನೋಡ್‌ಗಳ ವೋಲ್ಟೇಜನ್ನು ಗ್ರೌಂಡ್‌ನಿಂದ ಅಳೆಯುತ್ತೇವೆ. ಆಮೇಲೆ ಒಂದೊಂದು ನೋಡ್‌ನಲ್ಲೂ ಕಿರ್ಚಾಫ್‌ನ ಕರೆಂಟ್ ನಿಯಮ ಬರೆಯುತ್ತೇವೆ. ಎಲ್ಲರೂ ಕೆಸಿಎಲ್ ಅನ್ನುವುದು ಇದನ್ನೇ. ಒಳಗೆ ಎಷ್ಟು ಕರೆಂಟ್ ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು, ಅಷ್ಟೇ ವಿಷಯ. ರೆಸಿಸ್ಟರ್‌ಗಳಲ್ಲಿ ಹರಿಯುವ ಕರೆಂಟನ್ನು ಓಮ್ ನಿಯಮದಿಂದ ನೋಡ್ ವೋಲ್ಟೇಜ್‌ಗಳಲ್ಲೇ ಬರೆಯಬಹುದು. ಕರೆಂಟ್ ಸೋರ್ಸ್ ಇದ್ದರೆ ಇನ್ನೂ ಸುಲಭ, ಅದರ ಬೆಲೆ ಕೊಟ್ಟೇ ಇರುತ್ತಾರೆ. ಎಷ್ಟು ನೋಡ್ ವೋಲ್ಟೇಜ್ ಗೊತ್ತಿಲ್ಲವೋ ಅಷ್ಟು ಸಮೀಕರಣ ಸಿಗುತ್ತವೆ. ಬಿಡಿಸಿದರೆ ಕೆಲಸ ಮುಗಿಯಿತು.

ಇಷ್ಟು ಸಲೀಸಾಗಿ ಓಡುವ ಗಾಡಿ ಒಂದು ಕಡೆ ನಿಂತುಬಿಡುತ್ತದೆ. ಗ್ರೌಂಡ್ ಅಲ್ಲದ ಎರಡು ನೋಡ್‌ಗಳ ನಡುವೆ ನೇರವಾಗಿ ಒಂದು ವೋಲ್ಟೇಜ್ ಸೋರ್ಸ್ ಕೂತಿದ್ದರೆ ಏನು ಮಾಡುವುದು?

ಸರ್ಕ್ಯೂಟ್ ಹೀಗಿದೆ. ಎರಡು ನೋಡ್, ಜೊತೆಗೆ ಒಂದು ಗ್ರೌಂಡ್. ನೋಡ್ 1ರಿಂದ ಗ್ರೌಂಡ್‌ಗೆ 4 ಓಮ್ ರೆಸಿಸ್ಟರ್. ನೋಡ್ 2ರಿಂದ ಗ್ರೌಂಡ್‌ಗೆ 8 ಓಮ್ ರೆಸಿಸ್ಟರ್. ಗ್ರೌಂಡ್‌ನಿಂದ ನೋಡ್ 1ರ ಒಳಗೆ 3 ಆಂಪಿಯರ್ ತಳ್ಳುವ ಒಂದು ಕರೆಂಟ್ ಸೋರ್ಸ್. ಕೊನೆಗೆ ನೋಡ್ 1 ಮತ್ತು 2ರ ನಡುವೆ 6 ವೋಲ್ಟ್‌ನ ಒಂದು ವೋಲ್ಟೇಜ್ ಸೋರ್ಸ್, ಅದರ ಪ್ಲಸ್ ತುದಿ ನೋಡ್ 1ರ ಕಡೆಗೆ. ನೋಡ್ ವೋಲ್ಟೇಜ್‌ಗಳನ್ನು v1, v2 ಅನ್ನೋಣ.

ನೋಡ್ 1ರಲ್ಲಿ ಕೆಸಿಎಲ್ ಬರೆಯೋಕೆ ಶುರು ಮಾಡಿ. ಒಳಗೆ ಬರುವುದು 3. ಹೊರಗೆ ಹೋಗುವುದು 4 ಓಮ್‌ನಲ್ಲಿ v1/4. ಆಮೇಲೆ? ವೋಲ್ಟೇಜ್ ಸೋರ್ಸ್‌ನ ಮೂಲಕ ಎಷ್ಟು ಹೋಗುತ್ತದೆ? ಅಲ್ಲಿಗೆ ಪೆನ್ನು ನಿಲ್ಲುತ್ತದೆ. ಆದರ್ಶ ವೋಲ್ಟೇಜ್ ಸೋರ್ಸ್ ತನ್ನ ಎರಡು ತುದಿಗಳ ನಡುವೆ 6 ವೋಲ್ಟ್ ಕಾಪಾಡುತ್ತದೆ, ಅಷ್ಟೇ. ಅದರಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನೋದನ್ನು ಸುತ್ತಲಿನ ಸರ್ಕ್ಯೂಟ್ ತೀರ್ಮಾನಿಸುತ್ತದೆ. 

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೋರ್ಸ್ ಜೊತೆಗೆ ಸೀರೀಸ್‌ನಲ್ಲಿ r ಓಮ್‌ನ ಒಂದು ಸಣ್ಣ ರೆಸಿಸ್ಟರ್ ಇದೆ ಅಂತ ಇಟ್ಟುಕೊಳ್ಳಿ. ಆಗ ಕಷ್ಟವೇ ಇಲ್ಲ. ಆ ದಾರಿಯ ಕರೆಂಟ್ ಹೀಗೆ:

```
i = (v1 - v2 - 6) / r
```

r ಎಂಬುದು 2 ಓಮ್ ಆಗಲಿ, 0.1 ಓಮ್ ಆಗಲಿ, ಮಾಮೂಲಿ ಎರಡು ಸಮೀಕರಣ ಬರೆದು ಬಿಡಿಸಬಹುದು. ಈಗ r ಅನ್ನು ಚಿಕ್ಕದು ಮಾಡುತ್ತಾ ಹೋಗಿ. v1 - v2 ಎಂಬುದು 6ರ ಹತ್ತಿರ ಹತ್ತಿರ ಬರುತ್ತದೆ, ಮೇಲಿನ ಸಂಖ್ಯೆ ಸೊನ್ನೆಯ ಕಡೆಗೆ ಹೋಗುತ್ತದೆ. ಕೆಳಗಿನ r ಕೂಡ ಸೊನ್ನೆಯ ಕಡೆಗೇ ಹೋಗುತ್ತಿದೆ. r ಪೂರ್ತಿ ಸೊನ್ನೆಯಾದಾಗ ಉಳಿಯುವುದು ಸೊನ್ನೆ ಭಾಗಿಸು ಸೊನ್ನೆ. ಕರೆಂಟ್ ಇದ್ದೇ ಇದೆ, ಅದಕ್ಕೊಂದು ಖಚಿತ ಬೆಲೆಯೂ ಇದೆ. ಆದರೆ ಓಮ್ ನಿಯಮದ ಮೂಲಕ ಅದನ್ನು ಕೇಳಿದರೆ ಉತ್ತರ ಬರಲ್ಲ. ತೊಡಕು ಇರುವುದು ಇಲ್ಲೇ, ಬೇರೆಲ್ಲೂ ಅಲ್ಲ.

ಗೊತ್ತಿಲ್ಲದ್ದಕ್ಕೆ ಒಂದು ಹೆಸರು ಕೊಟ್ಟು ಮುಂದೆ ಹೋಗೋಣ. ನೋಡ್ 1ರಿಂದ ಹೊರಟು, ಸೋರ್ಸ್‌ನ ಪ್ಲಸ್ ತುದಿಯ ಒಳಹೊಕ್ಕು, ನೋಡ್ 2ಕ್ಕೆ ಹೋಗುವ ಕರೆಂಟನ್ನು i ಅನ್ನೋಣ.

```
ನೋಡ್ 1:   v1/4 + i = 3
ನೋಡ್ 2:   v2/8 - i = 0
```

ಎರಡು ಸಮೀಕರಣ, ಮೂರು ಅಜ್ಞಾತಗಳು. ಆದರೆ ಈ ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿ. ಮೇಲೆ +i, ಕೆಳಗೆ -i. ಇದು ಆಕಸ್ಮಿಕ ಅಲ್ಲ. ಒಂದು ನೋಡ್‌ನಿಂದ ಹೊರಟ ಕರೆಂಟ್ ಇನ್ನೊಂದು ನೋಡ್‌ಗೆ ಹೋಗಲೇಬೇಕು, ನಡುವೆ ಎಲ್ಲೂ ಸೋರಿಹೋಗುವ ಹಾಗಿಲ್ಲ. ಹಾಗಾಗಿ ಕೂಡಿದರೆ i ತಾನಾಗಿ ಮಾಯವಾಗುತ್ತದೆ:

```
v1/4 + v2/8 = 3
```

ಇದೇ ಸೂಪರ್‌ನೋಡ್ ಸಮೀಕರಣ. ಇದರಲ್ಲಿ ಬೇರೆ ಯಾವ ಜಾದೂನೂ ಇಲ್ಲ.

ಪುಸ್ತಕಗಳಲ್ಲಿ ಇದನ್ನು ಚಿತ್ರವಾಗಿ ಹೇಳುತ್ತಾರೆ. ನೋಡ್ 1, ನೋಡ್ 2 ಮತ್ತು ನಡುವಿನ ಸೋರ್ಸ್, ಈ ಮೂರನ್ನೂ ಸೇರಿಸಿ ಸುತ್ತಲೂ ಒಂದು ಚುಕ್ಕಿಗೆರೆ ಎಳೆಯಿರಿ. ಆ ಗೆರೆಯನ್ನು ದಾಟುವ ಕರೆಂಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. i ಗೆರೆಯ ಒಳಗೇ ಓಡಾಡುತ್ತದೆ, ಗೆರೆಯನ್ನು ದಾಟುವುದಿಲ್ಲ, ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಮನೆಯ ಇಬ್ಬರು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ದುಡ್ಡು ದಾಟಿಸಿದರೆ ಮನೆಯ ಒಟ್ಟು ದುಡ್ಡು ಬದಲಾಗುತ್ತದೆಯೇ? ಹಾಗೇ ಇದು. ಕೆಸಿಎಲ್ ಬರೀ ಒಂದು ಚುಕ್ಕೆಗೆ ಅನ್ವಯಿಸುವ ನಿಯಮ ಅಂತ ನಾವು ಕಲಿತಿರುತ್ತೇವೆ. ನಿಜವಾಗಿ ಅದು ಸರ್ಕ್ಯೂಟ್‌ನ ಯಾವುದೇ ಭಾಗವನ್ನು ಸುತ್ತುವರಿದ ಮುಚ್ಚಿದ ಗೆರೆಗೂ ಅನ್ವಯಿಸುತ್ತದೆ, ಯಾಕೆಂದರೆ ಅದರ ಬುಡದಲ್ಲಿ ಇರುವುದು ಚಾರ್ಜ್ ಎಲ್ಲೂ ಗುಡ್ಡೆ ಬೀಳುವುದಿಲ್ಲ ಅನ್ನುವ ಮಾತು.

ಈಗ ಲೆಕ್ಕ ಇಡೋಣ. ನಮ್ಮ ಹತ್ತಿರ ಎರಡು ಕೆಸಿಎಲ್ ಇದ್ದವು, ಕೂಡಿಸಿ ಒಂದು ಮಾಡಿಕೊಂಡೆವು. ಅಂದರೆ ಒಂದು ಸಮೀಕರಣ ಕಳೆದುಕೊಂಡೆವು. ಗೊತ್ತಿಲ್ಲದ್ದು ಇನ್ನೂ ಎರಡು, v1 ಮತ್ತು v2. ಕಳೆದದ್ದನ್ನು ತುಂಬಿಕೊಡುವುದು ಆ ವೋಲ್ಟೇಜ್ ಸೋರ್ಸೇ. ಅದು ಕರೆಂಟ್ ಹೇಳುವುದಿಲ್ಲ, ಆದರೆ ವೋಲ್ಟೇಜ್ ಹೇಳುತ್ತದಲ್ಲ:

```
v1 - v2 = 6
```

ಇದನ್ನು ನಿರ್ಬಂಧ ಸಮೀಕರಣ ಅನ್ನಿ, ಕಂಡೀಷನ್ ಅನ್ನಿ, ಹೆಸರು ಮುಖ್ಯವಲ್ಲ. ಮರೆಯದೆ ಬರೆಯುವುದು ಮುಖ್ಯ. 

ಬಿಡಿಸೋಣ. ಮೊದಲನೆಯದನ್ನು 8ರಿಂದ ಗುಣಿಸಿದರೆ 2·v1 + v2 = 24. v1 ಜಾಗದಲ್ಲಿ v2 + 6 ಹಾಕಿದರೆ 3·v2 + 12 = 24. ಹಾಗಾಗಿ v2 ನಾಲ್ಕು ವೋಲ್ಟ್, v1 ಹತ್ತು ವೋಲ್ಟ್. ತಾಳೆ ನೋಡಿ: 10/4 ಅಂದರೆ 2.5 ಆಂಪಿಯರ್, 4/8 ಅಂದರೆ 0.5 ಆಂಪಿಯರ್, ಒಟ್ಟು 3. ಸರಿಯಾಯಿತು.

ವೋಲ್ಟೇಜ್ ಸಿಕ್ಕಿದ ಮೇಲೆ i ಬೇಕಾದರೆ ಮೊದಲು ಬರೆದ ಬಿಡಿ ಸಮೀಕರಣಕ್ಕೆ ವಾಪಸ್ ಹೋಗಿ. ನೋಡ್ 1ರಲ್ಲಿ i = 3 - 2.5, ಅಂದರೆ 0.5 ಆಂಪಿಯರ್. ಸೂಪರ್‌ನೋಡ್ i ಅನ್ನು ಅಳಿಸಿಹಾಕಲಿಲ್ಲ, ಬದಿಗಿಟ್ಟಿತ್ತು ಅಷ್ಟೇ. ಬೇಕಾದಾಗ ಒಂದು ಸಾಲಿನಲ್ಲಿ ಸಿಗುತ್ತದೆ.

ಆ 0.5 ಆಂಪಿಯರ್ ಸೋರ್ಸ್‌ನ ಪ್ಲಸ್ ತುದಿಯ ಒಳಗೆ ಹೋಗುತ್ತಿದೆ ಅನ್ನೋದನ್ನು ಗಮನಿಸಿ. ಅಂದರೆ ಈ ಸೋರ್ಸ್ ಪವರ್ ಕೊಡುತ್ತಿಲ್ಲ, 3 ವ್ಯಾಟ್ ಹೀರಿಕೊಳ್ಳುತ್ತಿದೆ. ನಿಜವಾದ ಬ್ಯಾಟರಿ ಆಗಿದ್ದರೆ ಅದು ಚಾರ್ಜ್ ಆಗುತ್ತಿತ್ತು. ಒಟ್ಟು ಲೆಕ್ಕ ನೋಡಿ: ಕರೆಂಟ್ ಸೋರ್ಸ್ 3 ಆಂಪಿಯರನ್ನು 10 ವೋಲ್ಟ್‌ಗೆ ಏರಿಸಿ ಕೊಡುತ್ತಿದೆ, ಅಂದರೆ 30 ವ್ಯಾಟ್. 4 ಓಮ್‌ನಲ್ಲಿ 25 ವ್ಯಾಟ್, 8 ಓಮ್‌ನಲ್ಲಿ 2 ವ್ಯಾಟ್, ವೋಲ್ಟೇಜ್ ಸೋರ್ಸ್‌ನಲ್ಲಿ 3 ವ್ಯಾಟ್ ಖರ್ಚು. ಸರಿಹೋಯಿತು.

ನನ್ನ ಪ್ರಕಾರ ಸೂಪರ್‌ನೋಡ್‌ನ ನಿಜವಾದ ಸ್ವಾರಸ್ಯ ಶುರುವಾಗುವುದು ಇಲ್ಲಿಂದ. ಉತ್ತರ ಸಿಕ್ಕಿತು ಅಂತ ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾವು ಸರ್ಕ್ಯೂಟನ್ನು ಸ್ವಲ್ಪ ಕೆದಕೋಣ.

ನೋಡ್ 1 ಮತ್ತು 2ರ ನಡುವೆ, ವೋಲ್ಟೇಜ್ ಸೋರ್ಸ್‌ಗೆ ಪ್ಯಾರಲಲ್ ಆಗಿ 3 ಓಮ್‌ನ ಒಂದು ರೆಸಿಸ್ಟರ್ ಹಾಕಿ. v1, v2 ಏನಾಗುತ್ತವೆ? ಹೊಸ ರೆಸಿಸ್ಟರ್ ಬಂತು, ಸಮೀಕರಣ ಪೂರ್ತಿ ಮತ್ತೆ ಬರೆಯಬೇಕು ಅಂತ ಕೈ ಪೆನ್ನಿನ ಕಡೆ ಹೋಗುತ್ತದೆ, ಅಲ್ವಾ? ಚುಕ್ಕಿಗೆರೆ ನೋಡಿ. ಈ ರೆಸಿಸ್ಟರ್‌ನ ಎರಡು ತುದಿಯೂ ಗೆರೆಯ ಒಳಗೇ ಇವೆ. ಅದರ ಕರೆಂಟ್ ಗೆರೆ ದಾಟುವುದೇ ಇಲ್ಲ. ಸೂಪರ್‌ನೋಡ್ ಸಮೀಕರಣದಲ್ಲಿ ಒಂದಕ್ಷರವೂ ಬದಲಾಗಲ್ಲ. ನಿರ್ಬಂಧ ಸಮೀಕರಣವೂ ಅದೇ. ಹಾಗಾದರೆ v1 ಹತ್ತೇ, v2 ನಾಲ್ಕೇ.

ಬದಲಾಗುವುದು ಒಳಗಿನ ಕರೆಂಟ್ ಮಾತ್ರ. 3 ಓಮ್‌ನ ಮೇಲೆ 6 ವೋಲ್ಟ್ ಇದೆ, ಆದ್ದರಿಂದ ಅದರಲ್ಲಿ 2 ಆಂಪಿಯರ್ ನೋಡ್ 1ರಿಂದ ನೋಡ್ 2ಕ್ಕೆ ಹರಿಯುತ್ತದೆ. ನೋಡ್ 1ರಲ್ಲಿ ಈಗ 3 = 2.5 + 2 + i, ಹಾಗಾಗಿ i ಎಂಬುದು -1.5. ಮೈನಸ್ ಬಂತು ಅಂದರೆ ಕರೆಂಟ್ ಈಗ ಪ್ಲಸ್ ತುದಿಯಿಂದ ಹೊರಗೆ ಬರುತ್ತಿದೆ. ಇಷ್ಟು ಹೊತ್ತು 3 ವ್ಯಾಟ್ ಹೀರುತ್ತಿದ್ದ ಸೋರ್ಸ್ ಈಗ 9 ವ್ಯಾಟ್ ಕೊಡುತ್ತಿದೆ. ಹೊರಗಿನಿಂದ ನೋಡ್ ವೋಲ್ಟೇಜ್‌ಗಳನ್ನು ಮಾತ್ರ ಅಳೆಯುವವನಿಗೆ ಇದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಪ್ರಯೋಗ. 3 ಓಮ್ ತೆಗೆದುಬಿಡಿ. ಈಗ ಆ 3 ಆಂಪಿಯರ್ ಕರೆಂಟ್ ಸೋರ್ಸನ್ನು ನೋಡ್ 1ರಿಂದ ಬಿಚ್ಚಿ ನೋಡ್ 2ಕ್ಕೆ ಕಟ್ಟಿ. ಸರ್ಕ್ಯೂಟ್ ಪೂರಾ ಬೇರೆ ಆದಂತೆ ಕಾಣುತ್ತದೆ. ಆದರೆ ಗೆರೆಯ ಲೆಕ್ಕದಲ್ಲಿ ಒಳಗೆ ಬರುವುದು ಅದೇ 3 ಆಂಪಿಯರ್, ಯಾವ ಬಾಗಿಲಿನಿಂದ ಬಂದರೇನು. ವೋಲ್ಟೇಜ್‌ಗಳು ಮತ್ತೆ 10 ಮತ್ತು 4. ಆದರೆ ಈ ಸಲ 4 ಓಮ್‌ಗೆ ಬೇಕಾದ 2.5 ಆಂಪಿಯರ್ ಪೂರ್ತಿ ವೋಲ್ಟೇಜ್ ಸೋರ್ಸ್‌ನ ಮೂಲಕವೇ ನೋಡ್ 1ಕ್ಕೆ ಬರಬೇಕು. i ಈಗ -2.5. ವೋಲ್ಟೇಜ್ ಸೋರ್ಸ್ 15 ವ್ಯಾಟ್ ಕೊಡುತ್ತದೆ, ಕರೆಂಟ್ ಸೋರ್ಸ್ ಬರೀ 12 ವ್ಯಾಟ್ ಕೊಡುತ್ತದೆ, ಯಾಕೆಂದರೆ ಅದು ಈಗ ಕೂತಿರುವುದು 4 ವೋಲ್ಟ್‌ನ ನೋಡ್ ಮೇಲೆ.

ಪರೀಕ್ಷೆಯಲ್ಲಿ ವೋಲ್ಟೇಜ್ ಮಾತ್ರ ಕೇಳಿದ್ದರೆ ಗೆರೆಯೊಳಗಿನ ರೆಸಿಸ್ಟರನ್ನು ನೋಡಿಯೂ ನೋಡದಂತೆ ಇರಿ. ಸೋರ್ಸ್‌ನ ಪವರ್ ಕೇಳಿದ್ದರೆ ಅದನ್ನು ಬಿಟ್ಟರೆ ಕೆಟ್ಟಿರಿ.

ಈಗ ತಪ್ಪುಗಳ ವಿಷಯಕ್ಕೆ ಬರೋಣ. ಸೂಪರ್‌ನೋಡ್ ಲೆಕ್ಕದಲ್ಲಿ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಎರಡನ್ನು ಹಿಡಿಯುವುದು ಸುಲಭ. ಮೂರನೆಯದು ಭಾರಿ ಕಿಲಾಡಿ.

ಸೋರ್ಸ್‌ನ ಕರೆಂಟ್ ಗೊತ್ತಿಲ್ಲ ಅಂತ ಅದನ್ನು ಸುಮ್ನೆ ಬಿಟ್ಟುಬಿಡುವುದು ಒಂದು ತಪ್ಪು. ಆಗ ನೋಡ್ 1ರಲ್ಲಿ v1/4 = 3, ಅಂದರೆ 12 ವೋಲ್ಟ್. ನೋಡ್ 2ರಲ್ಲಿ v2 ಸೊನ್ನೆ. ನಡುವಿನ ಅಂತರ 12 ವೋಲ್ಟ್ ಬಂತು. ಆದರೆ ಅಲ್ಲಿ ಕೂತಿರುವುದು 6 ವೋಲ್ಟ್ ಸೋರ್ಸ್. ತಪ್ಪು ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು, ಸೂಪರ್‌ನೋಡ್ ಅಂದರೆ ಒಂದು ದೊಡ್ಡ ನೋಡ್, ಅದಕ್ಕೆ ಒಂದೇ ವೋಲ್ಟೇಜ್ ಅಂತ ತಿಳಿಯುವುದು. ಆಗ v/4 + v/8 = 3 ಬರೆದು 8 ವೋಲ್ಟ್ ಅಂತ ಉತ್ತರ ಬರುತ್ತದೆ. ಇದು ಸೋರ್ಸ್ ಜಾಗದಲ್ಲಿ ಬರೀ ತಂತಿ ಇದ್ದಿದ್ದರೆ ಸರಿಯಾದ ಉತ್ತರ. ಸೂಪರ್‌ನೋಡ್ ಒಂದು ಅನ್ನುವುದು ಕರೆಂಟ್ ಲೆಕ್ಕಕ್ಕೆ ಮಾತ್ರ. ವೋಲ್ಟೇಜ್ ಲೆಕ್ಕದಲ್ಲಿ ಅದರೊಳಗೆ ಎರಡು ನೋಡ್ ಬೇರೆ ಬೇರೆಯಾಗಿಯೇ ಇರುತ್ತವೆ.

ಮೂರನೆಯದು ಚಿಹ್ನೆಯ ತಪ್ಪು. v1 - v2 = 6 ಬರೆಯುವ ಬದಲು v2 - v1 = 6 ಅಂತ ಬರೆದೆವು ಅಂದುಕೊಳ್ಳಿ. ಬಿಡಿಸಿದರೆ v1 ಆರು ವೋಲ್ಟ್, v2 ಹನ್ನೆರಡು ವೋಲ್ಟ್ ಬರುತ್ತದೆ. ಸರಿ, ತಾಳೆ ನೋಡೋಣ ಅಂತ ಕೆಸಿಎಲ್‌ಗೆ ಹಾಕುತ್ತೇವೆ: 6/4 ಅಂದರೆ 1.5, 12/8 ಅಂದರೆ 1.5, ಒಟ್ಟು 3. ತಾಳೆಯಾಯಿತು! ಅಂತರವೂ 6 ವೋಲ್ಟೇ ಇದೆ. ಎಲ್ಲ ಸರಿ ಅಂತ ಖುಷಿಯಿಂದ ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ, ಉತ್ತರ ಮಾತ್ರ ಪೂರ್ತಿ ತಪ್ಪು.

ಯಾಕೆ ಹೀಗಾಗುತ್ತದೆ? ನಾವು ಬಿಡಿಸಿದ್ದು ಇನ್ನೊಂದು ಸರ್ಕ್ಯೂಟನ್ನು, ಸೋರ್ಸನ್ನು ತಲೆಕೆಳಗಾಗಿ ಕಟ್ಟಿದ ಸರ್ಕ್ಯೂಟನ್ನು. ಆ ಸರ್ಕ್ಯೂಟಿಗೆ ಈ ಉತ್ತರ ಸರಿಯೇ. ಆದ್ದರಿಂದ ಸಮೀಕರಣಕ್ಕೆ ಬೆಲೆಗಳನ್ನು ವಾಪಸ್ ಹಾಕಿ ತಾಳೆ ನೋಡಿದರೆ ಈ ತಪ್ಪು ಯಾವತ್ತೂ ಸಿಗಲ್ಲ. ಸಮೀಕರಣ ಬಿಟ್ಟು ಚಿತ್ರ ನೋಡಬೇಕು. ಪ್ಲಸ್ ಗುರುತು ಯಾವ ನೋಡ್‌ನ ಕಡೆ ಇದೆ? ಆ ನೋಡ್‌ನ ವೋಲ್ಟೇಜ್ ಜಾಸ್ತಿ ಬಂದಿದೆಯಾ? ಇಷ್ಟೇ ಪ್ರಶ್ನೆ. ನಾನು ನಿರ್ಬಂಧ ಸಮೀಕರಣವನ್ನು ಯಾವಾಗಲೂ "ಪ್ಲಸ್ ಕಡೆಯದರಲ್ಲಿ ಮೈನಸ್ ಕಡೆಯದು ಕಳೆದರೆ ಸೋರ್ಸ್" ಅಂತ ಬಾಯಲ್ಲಿ ಹೇಳಿಕೊಂಡೇ ಬರೆಯುತ್ತೇನೆ. ಬಾಣ ಎಳೆದು ಲೂಪ್ ಸುತ್ತಿ ಬರೆಯುವವರೂ ಇದ್ದಾರೆ. ದಾರಿ ಯಾವುದಾದರೂ ಆಗಲಿ, ಸೋರ್ಸ್‌ನಲ್ಲಿ ಕರೆಂಟ್ ಯಾವ ಕಡೆ ಹೋಗುತ್ತದೆ ಅನ್ನೋದನ್ನು ಮಾತ್ರ ಇದಕ್ಕೆ ಬೆರೆಸಬೇಡಿ. ಈಗಷ್ಟೇ ನೋಡಿದೆವು, ಕರೆಂಟ್ ಎರಡೂ ಕಡೆ ಹೋಗಬಹುದು, ಪ್ಲಸ್ ಮಾತ್ರ ಅಲ್ಲೇ ಇರುತ್ತದೆ.

ಈಗ ಸರ್ಕ್ಯೂಟನ್ನು ಸ್ವಲ್ಪ ದೊಡ್ಡದು ಮಾಡೋಣ. ನೋಡ್ 3 ಅಂತ ಒಂದು ಹೊಸ ನೋಡ್. ಅದರಿಂದ ನೋಡ್ 1ಕ್ಕೆ 2 ಓಮ್, ನೋಡ್ 2ಕ್ಕೆ 4 ಓಮ್, ಗ್ರೌಂಡ್‌ಗೆ ಇನ್ನೊಂದು 4 ಓಮ್. ಕರೆಂಟ್ ಸೋರ್ಸ್ 4.5 ಆಂಪಿಯರ್ ಆಗಲಿ, ಅದು ನೋಡ್ 2ರ ಒಳಗೆ ಬರಲಿ. ಉಳಿದದ್ದು ಹಳೆಯ ಹಾಗೇ.

ಇಲ್ಲಿ ಎಡವುವ ಜಾಗ ಒಂದೇ. ನೋಡ್ 3ರ ರೆಸಿಸ್ಟರ್‌ಗಳು ಸೂಪರ್‌ನೋಡ್‌ಗೆ ಎರಡು ಬೇರೆ ಬೇರೆ ಕಡೆಯಿಂದ ಬಂದು ತಾಗುತ್ತವೆ. ಗೆರೆಯನ್ನು ಎರಡು ಕಡೆ ದಾಟುತ್ತವೆ. ಒಂದೊಂದು ಕರೆಂಟ್ ಬರೆಯುವಾಗಲೂ ಆ ರೆಸಿಸ್ಟರ್ ಯಾವ ನೋಡ್‌ಗೆ ತಾಗಿದೆಯೋ ಅದರ ವೋಲ್ಟೇಜನ್ನೇ ಹಾಕಬೇಕು.

```
ಸೂಪರ್‌ನೋಡ್:   v1/4 + v2/8 + (v1-v3)/2 + (v2-v3)/4 = 4.5
ನೋಡ್ 3:       (v3-v1)/2 + (v3-v2)/4 + v3/4 = 0
ಸೋರ್ಸ್:        v1 - v2 = 6
```

ಮೊದಲನೆಯದನ್ನು 8ರಿಂದ ಗುಣಿಸಿ, ಆಮೇಲೆ 3ರಿಂದ ಭಾಗಿಸಿದರೆ 2·v1 + v2 - 2·v3 = 12. ಎರಡನೆಯದನ್ನು 4ರಿಂದ ಗುಣಿಸಿದರೆ 2·v1 + v2 = 4·v3. ಎರಡರಲ್ಲೂ 2·v1 + v2 ಒಟ್ಟಿಗೇ ಇರುವುದರಿಂದ ನೇರವಾಗಿ v3 ಆರು ವೋಲ್ಟ್ ಅಂತ ಬರುತ್ತದೆ. ಉಳಿದದ್ದು 2·v1 + v2 = 24, ಅದನ್ನು ಆಗಲೇ ಬಿಡಿಸಿದ್ದೇವೆ: 10 ಮತ್ತು 4. 

ತಾಳೆ ನೋಡುವಾಗ ಈ ಸಲ ಸೂಪರ್‌ನೋಡ್ ಸಮೀಕರಣವನ್ನು ಬಿಟ್ಟು ಬಿಡಿ ನೋಡ್‌ಗಳಿಗೆ ಹೋಗೋಣ. ನೋಡ್ 1ರಿಂದ ಹೊರಗೆ ಹೋಗುವುದು 2.5 ಮತ್ತು 2, ಒಟ್ಟು 4.5 ಆಂಪಿಯರ್. ಅಲ್ಲಿ ಬೇರೆ ಸೋರ್ಸ್ ಇಲ್ಲ, ಆದ್ದರಿಂದ ಇಷ್ಟೂ ವೋಲ್ಟೇಜ್ ಸೋರ್ಸ್‌ನಿಂದಲೇ ಬರಬೇಕು. ನೋಡ್ 2ಕ್ಕೆ ಬನ್ನಿ. ಕರೆಂಟ್ ಸೋರ್ಸ್‌ನಿಂದ 4.5, ನೋಡ್ 3ರಿಂದ 0.5 ಒಳಗೆ ಬರುತ್ತದೆ. 8 ಓಮ್‌ನಲ್ಲಿ 0.5 ಹೊರಗೆ ಹೋಗುತ್ತದೆ. ಉಳಿದ 4.5 ವೋಲ್ಟೇಜ್ ಸೋರ್ಸ್‌ನ ಒಳಗೆ. ಎರಡು ಕಡೆಯಿಂದ ನೋಡಿದರೂ i ಒಂದೇ ಬಂತು. ಇದು ಒಳ್ಳೆಯ ತಾಳೆ, ಯಾಕೆಂದರೆ ಇಲ್ಲಿ ಬಳಸಿದ ಬಿಡಿ ಸಮೀಕರಣಗಳನ್ನು ನಾವು ಬಿಡಿಸುವಾಗ ಬಳಸಿರಲಿಲ್ಲ.

ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ಗ್ರೌಂಡನ್ನೇ ನೋಡ್ 2ಕ್ಕೆ ತಂದುಬಿಟ್ಟರೆ ಈ ಗೋಳೇ ಇರಲ್ಲ, ಅಲ್ವಾ?"

ನಿಜ, ಇರಲ್ಲ. ಮೊದಲನೆಯ ಚಿಕ್ಕ ಸರ್ಕ್ಯೂಟ್ ತಗೊಳ್ಳಿ. ನೋಡ್ 2ನ್ನು ಸೊನ್ನೆ ಅಂತ ಇಟ್ಟರೆ ನೋಡ್ 1 ತಾನಾಗಿ 6 ವೋಲ್ಟ್. ಗೊತ್ತಿಲ್ಲದ್ದು ಹಳೆಯ ಗ್ರೌಂಡ್‌ನ ವೋಲ್ಟೇಜ್ ಒಂದೇ, ಅದನ್ನು x ಅನ್ನೋಣ. ಅಲ್ಲಿ ಕೆಸಿಎಲ್ ಬರೆದರೆ:

```
(x - 6)/4 + x/8 + 3 = 0
```

x = -4. ಎಲ್ಲದಕ್ಕೂ 4 ಕೂಡಿದರೆ ಹಳೆಯ 10, 4, 0 ವಾಪಸ್ ಬರುತ್ತವೆ. ಸೂಪರ್‌ನೋಡ್ ಬೇಕೇ ಆಗಲಿಲ್ಲ. ಹಾಗಾಗಿ ಗ್ರೌಂಡ್ ಆರಿಸುವ ಸ್ವಾತಂತ್ರ್ಯ ನಿಮ್ಮದಾಗಿದ್ದರೆ, ವೋಲ್ಟೇಜ್ ಸೋರ್ಸ್ ಒಂದೇ ಇದ್ದರೆ, ಅದರ ಒಂದು ತುದಿಗೇ ಗ್ರೌಂಡ್ ಇಡಿ. ಆದರೆ ಎರಡು ಸೋರ್ಸ್ ಇದ್ದು ಅವುಗಳಿಗೆ ಸಮಾನವಾದ ನೋಡ್ ಇಲ್ಲದಿದ್ದರೆ ಗ್ರೌಂಡ್ ಎರಡು ಕಡೆ ಇಡೋಕಾಗಲ್ಲ. ಒಂದಾದರೂ ಸೂಪರ್‌ನೋಡ್ ಉಳಿದೇ ಉಳಿಯುತ್ತದೆ. ಎರಡು ಸೋರ್ಸ್‌ಗಳು ಒಂದು ನೋಡನ್ನು ಹಂಚಿಕೊಂಡು ಸರಪಳಿಯಂತೆ ಇದ್ದರೆ, ಮೂರು ನೋಡ್‌ಗಳನ್ನೂ ಸೇರಿಸಿ ಒಂದೇ ಸೂಪರ್‌ನೋಡ್ ಮಾಡಿ. ಕೆಸಿಎಲ್ ಒಂದು, ನಿರ್ಬಂಧ ಎರಡು. ಅಲ್ಲಿ ಎರಡು ಗೆರೆ ಎಳೆಯೋಕೆ ಹೋದರೆ ಒಂದು ಗೆರೆ ಇನ್ನೊಂದು ಸೋರ್ಸನ್ನು ಕತ್ತರಿಸುತ್ತದೆ, ಆ ಗೊತ್ತಿಲ್ಲದ ಕರೆಂಟ್ ಮತ್ತೆ ಒಳನುಗ್ಗುತ್ತದೆ. ಸೋರ್ಸ್ ಜೊತೆಗೆ ಸೀರೀಸ್ ರೆಸಿಸ್ಟರ್ ಇದ್ದರಂತೂ ಗೆರೆ ಬೇಕಾಗಿಯೇ ಇಲ್ಲ, ಮೊದಲೇ ಹೇಳಿದ ಹಾಗೆ ಕರೆಂಟನ್ನು ನೇರವಾಗಿ ಬರೆಯಬಹುದು.

ಡಿಪೆಂಡೆಂಟ್ ಸೋರ್ಸ್ ಬಂದರೆ? ಗೆರೆ ಅದೇ, ಕೆಸಿಎಲ್ ಅದೇ, ನಿರ್ಬಂಧದ ಬಲಗಡೆ ಮಾತ್ರ ಬದಲಾಗುತ್ತದೆ. 6 ವೋಲ್ಟ್ ಜಾಗದಲ್ಲಿ, 8 ಓಮ್‌ನಲ್ಲಿ ಗ್ರೌಂಡ್‌ಗೆ ಇಳಿಯುವ ಕರೆಂಟ್‌ನ ನಾಲ್ಕು ಪಟ್ಟು ವೋಲ್ಟೇಜ್ ಕೊಡುವ ಸೋರ್ಸ್ ಇದೆ ಅನ್ನಿ. ಆ ಕರೆಂಟ್ v2/8, ಹಾಗಾಗಿ v1 - v2 = 4·(v2/8), ಅಂದರೆ v1 = 1.5·v2. ಇದನ್ನು 2·v1 + v2 = 24ಕ್ಕೆ ಹಾಕಿದರೆ v2 ಆರು, v1 ಒಂಬತ್ತು. ಸೋರ್ಸನ್ನು ಆಳುವ ಕರೆಂಟನ್ನು ಮೊದಲು ನೋಡ್ ವೋಲ್ಟೇಜ್‌ಗಳಲ್ಲಿ ಬರೆದುಕೊಂಡುಬಿಡಿ, ಆಮೇಲೆ ತಲೆನೋವಿಲ್ಲ.

ಕೊನೆಯದಾಗಿ ಕಂಪ್ಯೂಟರ್ ಬಗ್ಗೆ ಎರಡು ಮಾತು. ಸ್ಪೈಸ್ ಥರದ ಸಿಮ್ಯುಲೇಟರ್‌ಗಳು ಸೂಪರ್‌ನೋಡ್ ಹುಡುಕುತ್ತಾ ಕೂರುವುದಿಲ್ಲ. ಗೆರೆ ಎಲ್ಲಿ ಎಳೆಯಬೇಕು ಅನ್ನೋದು ನಮ್ಮ ಕಣ್ಣಿಗೆ ಸುಲಭ, ಪ್ರೋಗ್ರಾಂಗೆ ಕಿರಿಕಿರಿ. ಅವು ನಾವು ಕೂಡಿಸಿ ಅಳಿಸಿದ i ಅನ್ನು ಅಳಿಸದೆ ಹಾಗೇ ಇಟ್ಟುಕೊಳ್ಳುತ್ತವೆ. ನಮ್ಮ ಚಿಕ್ಕ ಸರ್ಕ್ಯೂಟಿಗೆ ಎರಡು ಕೆಸಿಎಲ್, ಒಂದು ನಿರ್ಬಂಧ, ಗೊತ್ತಿಲ್ಲದ್ದು v1, v2, i. ಮೂರಕ್ಕೆ ಮೂರು. ಇದಕ್ಕೆ ಮಾಡಿಫೈಡ್ ನೋಡಲ್ ಅನಾಲಿಸಿಸ್ ಅನ್ನುತ್ತಾರೆ. 1975ರಲ್ಲಿ ಹೋ, ರೂಹ್ಲಿ, ಬ್ರೆನನ್ ಎಂಬ ಮೂವರು ಪ್ರಕಟಿಸಿದ ವಿಧಾನ ಇದು. ಸಮೀಕರಣಗಳು ಜಾಸ್ತಿ ಆಗುತ್ತವೆ, ಆದರೆ ಯಂತ್ರಕ್ಕೆ ಅದೇನು ಭಾರವಲ್ಲ, ಸೋರ್ಸ್‌ನ ಕರೆಂಟ್ ಪುಕ್ಕಟೆ ಸಿಗುತ್ತದೆ.

```
* supernode
I1 0 1 DC 3
R1 1 0 4
R2 2 0 8
V1 1 2 DC 6
.op
.end
```

ಇದನ್ನು ngspice ನಲ್ಲಿ ಓಡಿಸಿದರೆ ನೋಡ್ 1ಕ್ಕೆ 10, ನೋಡ್ 2ಕ್ಕೆ 4, ಜೊತೆಗೆ `v1#branch` ಎಂಬ ಹೆಸರಿನಲ್ಲಿ 0.5 ಕಾಣುತ್ತದೆ. ಕೊನೆಯದೇ ನಮ್ಮ i. ಸ್ಪೈಸ್ ಕೂಡ ಪ್ಲಸ್ ತುದಿಯ ಒಳಗೆ ಹೋಗುವ ಕರೆಂಟನ್ನೇ ಪಾಸಿಟಿವ್ ಅನ್ನುತ್ತದೆ. `R3 1 2 3` ಅಂತ ಒಂದು ಸಾಲು ಸೇರಿಸಿ ನೋಡಿ, ಮೊದಲ ಎರಡು ಅಂಕಿ ಅಲುಗಾಡದೆ, ಮೂರನೆಯದು -1.5ಕ್ಕೆ ಹೋಗುತ್ತದೆ.

ಇನ್ನೊಂದು ಸಾಲನ್ನೂ ಸೇರಿಸಿ ನೋಡಬಹುದು: `V2 1 2 DC 5`. ಈಗ ಅದೇ ಎರಡು ನೋಡ್‌ಗಳ ನಡುವೆ ಒಂದು ಸೋರ್ಸ್ 6 ವೋಲ್ಟ್ ಇರಲಿ ಅನ್ನುತ್ತದೆ, ಇನ್ನೊಂದು 5 ವೋಲ್ಟ್ ಇರಲಿ ಅನ್ನುತ್ತದೆ. ಎರಡು ನಿರ್ಬಂಧಗಳು ಜಗಳಕ್ಕೆ ಬಿದ್ದವು, ಉತ್ತರ ಅನ್ನುವುದೇ ಇಲ್ಲ. V2 ಕೂಡ 6 ವೋಲ್ಟೇ ಆಗಿದ್ದರೆ ಜಗಳವಿಲ್ಲ, v1 ಮತ್ತು v2 ಸರಿಯಾಗಿಯೇ ಇರುತ್ತವೆ, ಆದರೆ ಒಳಗಿನ ಕರೆಂಟನ್ನು ಎರಡು ಸೋರ್ಸ್‌ಗಳು ಹೇಗೆ ಹಂಚಿಕೊಳ್ಳುತ್ತವೆ ಅನ್ನೋದನ್ನು ಯಾವ ಸಮೀಕರಣವೂ ಹೇಳುವುದಿಲ್ಲ. ಕೈಯಲ್ಲಿ ಸೂಪರ್‌ನೋಡ್ ಹಾಕುವವನಿಗೆ ಈ ಎರಡನೆಯದು ಕಾಣುವುದೇ ಇಲ್ಲ, ಯಾಕೆಂದರೆ ಅವನು ಆ ಕರೆಂಟ್‌ಗಳನ್ನು ಬರೆದೇ ಇರುವುದಿಲ್ಲ. ಸಿಮ್ಯುಲೇಟರ್ ಬರೆದಿರುತ್ತದೆ. ಅದಕ್ಕೇ ಎರಡೂ ಸಂದರ್ಭದಲ್ಲಿ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗಿದೆ ಅಂತ ತಕರಾರು ತೆಗೆಯುತ್ತದೆ. ಆ ಸಂದೇಶ ಕಂಡರೆ ಮೊದಲು ಬರೀ ವೋಲ್ಟೇಜ್ ಸೋರ್ಸ್‌ಗಳಿಂದಲೇ ಆದ ಲೂಪ್ ಎಲ್ಲಾದರೂ ಇದೆಯಾ ನೋಡಿ. ಇದ್ದರೆ, ಅದರಲ್ಲಿ ಒಂದು ಸೋರ್ಸ್‌ಗೆ ನಿಜವಾದ ಸೋರ್ಸ್‌ಗಳಿಗೆ ಇರುವಂಥ ಸಣ್ಣ ಸೀರೀಸ್ ರೆಸಿಸ್ಟರ್ ಕೊಟ್ಟು ಮತ್ತೆ ಓಡಿಸಿ.